ಪಾಸು ಕೇಳೋರೇ ಜಾಸ್ತಿ, ಟಿಕೆಟ್ ತಗೊಳ್ಳೋರು ಕಮ್ಮಿ

ಪ್ರಶ್ನೆ: ನಾನು ತುಮಕೂರಿನ ಒಂದು ಕಬಡ್ಡಿ ಕ್ಲಬ್ಬಿನ ಖಜಾಂಚಿ. ಟಿವಿ ದುಡ್ಡು ನಮಗೆ ಬರೋದಿಲ್ಲ. ವರ್ಷಕ್ಕೆ ಎಂಟು ಹೋಂ ಮ್ಯಾಚ್ ಆಡ್ತೀವಿ. 2,400 ಜನ ಕೂರುವ ಪೈಪ್ ಗ್ಯಾಲರಿ ಬಾಡಿಗೆಗೆ ಹಾಕಿಸ್ತೀವಿ. ಟಿಕೆಟ್ 100 ರೂಪಾಯಿ. ಸುಮಾರು 1,500 ಜನ ಬರ್ತಾರೆ, ಆದ್ರೆ ಮಾರಾಟ ಆಗೋದು 780 ಟಿಕೆಟ್ ಅಷ್ಟೆ. ಸ್ಟಾಲ್ ಬಾಡಿಗೆ 6,000 ಬರುತ್ತೆ. ಒಂದು ಪಂದ್ಯದ ಖರ್ಚು 1,24,000. ಬೆಂಗಳೂರಿನ ತಂಡ ಬಂದಾಗ ಮಾತ್ರ ಜಾಗ ಸಾಲದೆ ಜನ ವಾಪಸ್ ಹೋದ್ರು. ಕಮಿಟಿಯವರು ಟಿಕೆಟ್ 150 ಮಾಡೋಣ ಅಂತಾರೆ. ಸ್ವಂತ ಸ್ಟೇಡಿಯಂ ಕಟ್ಟಿಸಿದ್ರೆ ಹೇಗೆ ಅನ್ನೋ ಮಾತೂ ಇದೆ. ಏನು ಮಾಡ್ಲಿ ಸಾರ್?

ಉತ್ತರ: ಟಿಕೆಟ್ ಬೆಲೆಗೆ ಸದ್ಯಕ್ಕೆ ಕೈ ಹಾಕಬೇಡಿ. ನಿಮ್ಮ ಲೆಕ್ಕದಲ್ಲೇ ತೂತು ಎಲ್ಲಿದೆ ಅಂತ ಕಾಣುತ್ತಿದೆ. ಬಂದವರು 1,500, ದುಡ್ಡು ಕೊಟ್ಟವರು 780. ಉಳಿದ 720 ಜನ ಪಾಸಿನವರು. ಅಂದರೆ ಹೆಚ್ಚು ಕಡಿಮೆ ಅರ್ಧ ಗ್ಯಾಲರಿ ಬಿಟ್ಟಿ.

ಬೆಲೆ 150 ಮಾಡಿದರೆ ಆ 720 ಜನಕ್ಕೆ ಒಂದು ಪೈಸೆಯ ವ್ಯತ್ಯಾಸವೂ ಆಗುವುದಿಲ್ಲ. ಹೊರೆ ಬೀಳುವುದು ಈಗಾಗಲೇ ಕಾಸು ಕೊಡುತ್ತಿರುವ 780 ಜನರ ಮೇಲೆ ಮಾತ್ರ. ಈಗಿನ 78,000 ರೂಪಾಯಿ ಬರಬೇಕಾದರೆ 150ರ ಲೆಕ್ಕದಲ್ಲಿ 520 ಟಿಕೆಟ್ ಹೋಗಬೇಕು. ಮೂವರಲ್ಲಿ ಒಬ್ಬ ಹಿಂದೆ ಸರಿದರೆ ನೀವು ನಿಂತಲ್ಲೇ ನಿಂತಿರುತ್ತೀರಿ. ಅದಕ್ಕಿಂತ ಒಬ್ಬ ಜಾಸ್ತಿ ಸರಿದರೂ ನಷ್ಟ. ಕ್ಯಾತ್ಸಂದ್ರದಿಂದ ಹೆಂಡತಿ, ಇಬ್ಬರು ಮಕ್ಕಳ ಜೊತೆ ಬರುವವನಿಗೆ ಅದು 50 ರೂಪಾಯಿ ಏರಿಕೆ ಅಲ್ಲ, 200 ರೂಪಾಯಿ ಏರಿಕೆ. ಅವನು ಮೊದಲು ಮಾಡುವ ಕೆಲಸ ಏನು ಗೊತ್ತಾ? ಕಮಿಟಿಯಲ್ಲಿ ಪರಿಚಯದವರು ಯಾರಿದ್ದಾರೆ ಅಂತ ಹುಡುಕುವುದು. ಟಿಕೆಟ್ ತುಟ್ಟಿ ಆದಷ್ಟೂ ಪಾಸಿಗೆ ಬೆಲೆ ಬರುತ್ತದೆ.

ಹಾಗಾಗಿ ಮುಂದಿನ ಪಂದ್ಯಕ್ಕೆ ಮಾಡಬೇಕಾದ ಮೊದಲ ಕೆಲಸ ಎಣಿಕೆ. ಎಲ್ಲ ಗೇಟಲ್ಲೂ ಒಬ್ಬೊಬ್ಬ ಹುಡುಗನನ್ನು ನಿಲ್ಲಿಸಿ, ಕೈಯಲ್ಲಿ ಒತ್ತುವ ಎಣಿಕೆ ಯಂತ್ರ ಕೊಡಿ. ಪಾಸಿಗೆ ಬೇರೆ ಬಣ್ಣ, ಬೇರೆ ಗೇಟು, ಸಾಲು ನಂಬರು ಇರಲಿ. ಯಾವ ಮೆಂಬರಿಗೆ ಯಾವ ನಂಬರಿನಿಂದ ಯಾವ ನಂಬರಿನವರೆಗೆ ಕೊಟ್ಟಿರಿ ಅಂತ ಒಂದು ಪುಸ್ತಕದಲ್ಲಿ ಬರೆದಿಡಿ. ಪಂದ್ಯ ಮುಗಿದ ಮೇಲೆ ಯಂತ್ರದ ಎಣಿಕೆ ಒಂದು ಕಡೆ, ಹರಿದ ಟಿಕೆಟ್ ತುಂಡು ಮತ್ತು ಪಾಸು ಇನ್ನೊಂದು ಕಡೆ ಇಟ್ಟು ನೋಡಿ. ಎರಡೂ ಸರಿ ಹೋಗದಿದ್ದರೆ ಸೋರುತ್ತಿರುವುದು ಪಾಸಲ್ಲ, ಗೇಟು.

ಇದನ್ನು ನಾನು ನೋಡಿ ಕಲಿತವನು. ಬಹಳ ವರ್ಷದ ಹಿಂದೆ ಕೋಲಾರದ ಕಡೆ ಒಂದು ಪಂದ್ಯಾವಳಿಯ ಲೆಕ್ಕ ನೋಡಲು ಹೋಗಿದ್ದೆ. ಗ್ಯಾಲರಿ ಕಿಕ್ಕಿರಿದಿತ್ತು, ಕೌಂಟರ್ ಡಬ್ಬದಲ್ಲಿ ಮಾತ್ರ ದುಡ್ಡಿಲ್ಲ. ಸುಮ್ನೆ ಕಾಂಪೌಂಡ್ ಹಿಂದೆ ಹೋಗಿ ನಿಂತೆ. ಒಳಗೆ ಹೋದ ಹುಡುಗ ತನ್ನ ಟಿಕೆಟನ್ನು ಬೀಡಿಕಟ್ಟಿನ ಕಾಗದದಲ್ಲಿ ಸುತ್ತಿ, ಕಲ್ಲು ಕಟ್ಟಿ ಗೋಡೆಯಾಚೆ ಎಸೆಯುತ್ತಿದ್ದ. ಹೊರಗಿದ್ದವನು ಅದನ್ನೇ ಹಿಡಿದು ಗೇಟಿಗೆ ಓಡುತ್ತಿದ್ದ. ಗೇಟಿನಲ್ಲಿದ್ದವರು ಟಿಕೆಟ್ ನೋಡುತ್ತಿದ್ದರು, ಹರಿಯುತ್ತಿರಲಿಲ್ಲ. ನನ್ನ ಕಣ್ಣೆದುರಿಗೇ ಒಂದು ಟಿಕೆಟ್ ನಾಲ್ಕು ಜನರನ್ನು ಒಳಗೆ ಬಿಟ್ಟಿತು. ಕೊನೆಯಲ್ಲಿ ಅದು ಬೆವರಿಗೆ ಒದ್ದೆಯಾಗಿ ನಂಬರೇ ಕಾಣುತ್ತಿರಲಿಲ್ಲ.

ಪಾಸನ್ನು ಪೂರ್ತಿ ನಿಲ್ಲಿಸಿ ಅಂತ ನಾನು ಹೇಳುವುದಿಲ್ಲ. ಆಟಗಾರರ ಮನೆಯವರು, ಪ್ರಾಯೋಜಕರು, ಎದುರು ತಂಡದವರು, ಕೆಲಸ ಮಾಡುವವರು ಎಲ್ಲ ಸೇರಿ 200 ಸಾಕು. ಉಳಿದ 520 ಜನರಲ್ಲಿ ಎಲ್ಲರೂ ಟಿಕೆಟ್ ತಗೊಳ್ಳುತ್ತಾರೆ ಅಂತ ಕನಸು ಕಾಣಬೇಡಿ. ಮೂರರಲ್ಲಿ ಒಂದು ಪಾಲು, ಅಂದರೆ 170 ಜನ ತಗೊಂಡರೂ 17,000 ಬಂತು. ಬಾಕಿಯವರು ಮುನಿಸಿಕೊಂಡು ಮನೆಯಲ್ಲಿ ಕೂರುತ್ತಾರೆ. ಕೂರಲಿ ಬಿಡಿ.

ಇನ್ನು ಮ್ಯಾಟ್ ಪಕ್ಕದ ಚೇರುಗಳು. ನೀವು ಬರೆದಿಲ್ಲ, ಆದರೆ ಅಲ್ಲಿ ಕೂರುವವರು ಯಾರು ಅಂತ ನಾನೇ ಹೇಳಬಲ್ಲೆ: ಪಾಸಿನವರು. ನಿಮ್ಮ ಹತ್ತಿರ ಇರುವ ಅತ್ಯಂತ ಒಳ್ಳೆಯ ಜಾಗ ಅದು. ರೇಡರ್‌ನ ಉಸಿರು ಕೇಳಿಸುವಷ್ಟು ಹತ್ತಿರ. ಅದನ್ನೇ ಬಿಟ್ಟಿ ಕೊಟ್ಟು, ಮೇಲೆ ಕೂತವನಿಂದ 100 ವಸೂಲು ಮಾಡುತ್ತಿದ್ದೀರಿ. ಅಂಥ 150 ಚೇರಿಗೆ 300 ರೂಪಾಯಿ ಇಡಿ, ಪಾಸಿನವರನ್ನು ಗ್ಯಾಲರಿಗೆ ಕಳಿಸಿ. 110 ಚೇರು ಹೋದವು ಅಂತಿಟ್ಟುಕೊಳ್ಳಿ, 33,000 ಬಂತು. ಅದರಲ್ಲಿ 60 ಜನ ಗ್ಯಾಲರಿ ಟಿಕೆಟ್ ಬಿಟ್ಟು ಕೆಳಗೆ ಬಂದವರು, ಹಾಗಾಗಿ ಅಲ್ಲಿ 6,000 ಕಳೆಯಿರಿ. ಹೆಚ್ಚು ಬಂದದ್ದು 27,000. ನೀವು ಬೆಲೆ ಏರಿಸಬೇಕಾದದ್ದು ಇಲ್ಲಿ. ಕೊಡಬಲ್ಲವನು ತಾನಾಗಿ ಕೊಡುತ್ತಾನೆ, 100 ರೂಪಾಯಿಯವನನ್ನು ಯಾರೂ ಮುಟ್ಟುವುದಿಲ್ಲ. ಒಂದು ಟಿಕೆಟ್ 500 ರೂಪಾಯಿ ದಾಟದಿದ್ದರೆ ಅದಕ್ಕೆ ಜಿಎಸ್‌ಟಿ ತಲೆನೋವೂ ಇಲ್ಲ.

ಖರ್ಚಿನ ಕಡೆ ಬನ್ನಿ. ನಿಮ್ಮ 1,24,000ದಲ್ಲಿ ಮೈದಾನ, ಲೈಟು, ಜನರೇಟರ್, ಅಂಪೈರು, ಆಂಬುಲೆನ್ಸ್, ಎದುರು ತಂಡದ ಊಟ ಎಲ್ಲ ಇರುತ್ತದೆ. ನೂರು ಜನ ಬಂದರೂ ಅಷ್ಟೇ, ಸಾವಿರ ಬಂದರೂ ಅಷ್ಟೇ. ಇಳಿಸಬಹುದಾದ ದೊಡ್ಡ ಬಾಬ್ತು ಗ್ಯಾಲರಿ ಒಂದೇ. ಸೀಟಿಗೆ 15 ರೂಪಾಯಿ ಬಾಡಿಗೆ ಅಂತ ಇಟ್ಟುಕೊಂಡರೆ 2,400 ಸೀಟಿಗೆ 36,000. ಮೇಲಿನ ಲೆಕ್ಕದಲ್ಲಿ ಗ್ಯಾಲರಿಗೆ ಬರುವವರು 890 ಟಿಕೆಟ್, 200 ಪಾಸು, ಒಟ್ಟು 1,090. ಅದಕ್ಕೆ 1,400 ಸೀಟಿನ ಗ್ಯಾಲರಿ ಸಾಕು. 15,000 ಉಳಿಯಿತು. ಇದರಲ್ಲಿ ಇನ್ನೊಂದು ಲಾಭ ಇದೆ. ಅರ್ಧ ಖಾಲಿ ಗ್ಯಾಲರಿ ನೋಡಿದವನು ಮುಂದಿನ ಸಲ ಟಿಕೆಟ್ ಮೊದಲೇ ತಗೊಳ್ಳುವುದಿಲ್ಲ, ಆ ಹೊತ್ತಿಗೆ ಹೋದರೂ ಸಿಗುತ್ತೆ ಅಂತಾನೆ. ಸಂಜೆ ನಾಲ್ಕಕ್ಕೆ ಒಂದು ಮಳೆ ಬಂದರೆ ಅವನು ಬರುವುದೇ ಇಲ್ಲ. ಸಿಗುತ್ತೋ ಇಲ್ಲವೋ ಅನ್ನುವ ಅನುಮಾನ ಇದ್ದವನು ಮೂರು ದಿನ ಮೊದಲೇ ತಗೊಂಡಿರುತ್ತಾನೆ.

ಬೆಂಗಳೂರಿನ ತಂಡ ಬಂದ ದಿನ ಬೇರೆ ಲೆಕ್ಕ. ಜನ ವಾಪಸ್ ಹೋದರು ಅಂದರೆ ಆ ದಿನದ ಟಿಕೆಟ್ ಅಗ್ಗವಾಗಿತ್ತು ಅಂತ. ಆ ಪಂದ್ಯಕ್ಕೆ 2,400 ಸೀಟು ಹಾಕಿಸಿ, 150 ಮಾಡಿ. ಆದರೆ ಸೀಸನ್ ಶುರುವಾಗುವ ಮೊದಲೇ ಎಂಟೂ ಪಂದ್ಯದ ಬೆಲೆ ಬೋರ್ಡಿನಲ್ಲಿ ಹಾಕಿ. ಹಿಂದಿನ ದಿನ ಏರಿಸಿದರೆ ಬೈಸಿಕೊಳ್ಳುತ್ತೀರಿ, ಅದು ನ್ಯಾಯ ಕೂಡ.

ಸ್ಟಾಲ್ ವಿಷಯದಲ್ಲಿ ದೊಡ್ಡ ಆಸೆ ಬೇಡ. ಕಬಡ್ಡಿ ಮುಗಿಯುವುದೇ 40 ನಿಮಿಷದಲ್ಲಿ, ನಡುವೆ ಐದು ನಿಮಿಷ ಬಿಡುವು. ಸಾವಿರ ಜನ ಎದ್ದು, ಸಾಲಿನಲ್ಲಿ ನಿಂತು, ತಟ್ಟೆ ಇಡ್ಲಿ ತಿಂದು ವಾಪಸ್ ಬರಲು ಅದೆಲ್ಲಿ ಸಾಕು? ಅದಕ್ಕೇ ಮುಖ್ಯ ಪಂದ್ಯಕ್ಕೆ ಮೊದಲು ಒಂದು ಕಾಲೇಜು ಹುಡುಗಿಯರ ಪಂದ್ಯ ಇಡಿ. ಅವರ ಮನೆಯವರು ಟಿಕೆಟ್ ತಗೊಂಡು ಬರುತ್ತಾರೆ, ಜನ ಒಂದು ಗಂಟೆ ಮೊದಲೇ ಬಂದು ಟೀ ಕುಡಿಯುತ್ತಾರೆ. ಸ್ಟಾಲಿನವರಿಂದ ಗೊತ್ತಾದ ಬಾಡಿಗೆಯ ಬದಲು ವ್ಯಾಪಾರದಲ್ಲಿ ನೂರಕ್ಕೆ 15 ಕೇಳಿ. 1,200 ಜನ ತಲೆಗೆ 40 ರೂಪಾಯಿ ಖರ್ಚು ಮಾಡಿದರೆ ನಿಮಗೆ 7,200. ಈಗಿನದಕ್ಕಿಂತ 1,200 ಹೆಚ್ಚು ಅಷ್ಟೆ. ಸಂಜೆಯೆಲ್ಲ ಅವರ ಗಲ್ಲಾ ಪೆಟ್ಟಿಗೆ ಕಾಯಲು ಜನ ಇಲ್ಲದಿದ್ದರೆ ಬಾಡಿಗೆಯೇ ವಾಸಿ.

ಈಗ ಕೂಡಿ ನೋಡಿ. ಗ್ಯಾಲರಿ ಟಿಕೆಟ್ 89,000, ಚೇರು 33,000, ಸ್ಟಾಲು 7,200, ಒಟ್ಟು 1,29,200. ಖರ್ಚು 1,09,000. ಪಂದ್ಯಕ್ಕೆ 40,000 ಕೈಯಿಂದ ಹಾಕುತ್ತಿದ್ದವರಿಗೆ 20,200 ಉಳಿಯಿತು. ಬಂದ ಜನ ಮಾತ್ರ 1,500ರಿಂದ 1,200ಕ್ಕೆ ಇಳಿದರು. ಕಮಿಟಿಯಲ್ಲಿ ಇದನ್ನು ಹೇಳಿದಾಗ ಯಾರಾದರೂ ಜನ ಕಮ್ಮಿ ಆದರಲ್ಲ ಅಂತ ಕೊಸರಾಡುತ್ತಾರೆ. ಪ್ರಾಯೋಜಕರಿಗೆ ಗ್ಯಾಲರಿ ತುಂಬಿದ ಫೋಟೋ ಬೇಕು ಅನ್ನುತ್ತಾರೆ. 1,400ರ ಗ್ಯಾಲರಿಯಲ್ಲಿ 1,090 ಜನ ಕೂತರೆ, 2,400ರಲ್ಲಿ 1,350 ಕೂತದ್ದಕ್ಕಿಂತ ಫೋಟೋ ಚೆನ್ನಾಗಿಯೇ ಬರುತ್ತದೆ.

ಸೀಸನ್ ಟಿಕೆಟ್ ಬಗ್ಗೆಯೂ ಯೋಚಿಸಿ. ಇಂಗ್ಲೆಂಡಿನ ಬ್ರಾಡ್‌ಫೋರ್ಡ್ ಸಿಟಿ ಫುಟ್‌ಬಾಲ್ ಕ್ಲಬ್ 2001ರವರೆಗೆ ಪ್ರೀಮಿಯರ್ ಲೀಗ್‌ನಲ್ಲಿತ್ತು. ಆಮೇಲೆ ಸಾಲದಲ್ಲಿ ಮುಳುಗಿ 2007ರಲ್ಲಿ ನಾಲ್ಕನೇ ದರ್ಜೆಗೆ ಜಾರಿತು. ಟಿವಿ ದುಡ್ಡು ಹೋಯಿತು, ಉಳಿದದ್ದು 25 ಸಾವಿರ ಸೀಟಿನ ಖಾಲಿ ಸ್ಟೇಡಿಯಂ. ಅವರು ಸೀಸನ್ ಟಿಕೆಟನ್ನು 138 ಪೌಂಡ್‌ಗೆ ಇಳಿಸಿದರು. ಲೀಗ್‌ನ 23 ಹೋಂ ಮ್ಯಾಚ್‌ಗೆ ಹಂಚಿದರೆ ಪಂದ್ಯಕ್ಕೆ ಆರು ಪೌಂಡ್. 12 ಸಾವಿರಕ್ಕೂ ಹೆಚ್ಚು ಹೋದವು. ಗಮನಿಸಿ, ಅವರ ಹತ್ತಿರ ಖಾಲಿ ಸೀಟು ರಾಶಿ ಇತ್ತು, ಅದಕ್ಕೆ ನಡೆಯಿತು. ನಿಮ್ಮ ಹತ್ತಿರ ಇರುವುದು 1,400.

ಆದ್ದರಿಂದ 300 ಮಾತ್ರ ಮಾಡಿ, ಬೆಲೆ 500 ಇಡಿ. ಕೌಂಟರ್ ಸಾಲಿನಲ್ಲಿ ನೂರು ಜನರನ್ನು ಮೊದಲೇ ಕೇಳಿ: ಈ ವರ್ಷ ಇದು ಎಷ್ಟನೇ ಮ್ಯಾಚು? ನಾಲ್ಕು ಪಂದ್ಯಕ್ಕೆ ಬರುವವನು 400ರ ಬದಲು 500 ಕೊಟ್ಟರೆ ನಿಮಗೆ ಲಾಭ. ಎಂಟಕ್ಕೆ ಎಂಟೂ ಬರುವವನೇ ತಗೊಂಡರೆ ಅವನಿಂದ 850 ಬರಬೇಕಾದ ಕಡೆ 500 ಬರುತ್ತದೆ. ಹೆಚ್ಚಿನವರು ಎರಡನೇ ಜಾತಿಯವರಾದರೆ ಬೆಲೆ 600 ಮಾಡಿ. 300 ಹೋದರೆ ಸೀಸನ್ ಮೊದಲೇ ಒಂದೂವರೆ ಲಕ್ಷ ಕೈಯಲ್ಲಿರುತ್ತದೆ, ಗ್ಯಾಲರಿಯವನ ಮುಂಗಡಕ್ಕೆ ಯಾರ ಹತ್ತಿರವೂ ಬಡ್ಡಿಗೆ ಹೋಗಬೇಕಾಗಿಲ್ಲ. ಆದರೆ ಅದು ಎಂಟೂ ಪಂದ್ಯದ ದುಡ್ಡು. ಮೊದಲ ಪಂದ್ಯದಲ್ಲೇ ಖರ್ಚು ಮಾಡಿ ಕೂರಬೇಡಿ.

ಸ್ವಂತ ಸ್ಟೇಡಿಯಂ? ಬೇಡ. ವರ್ಷಕ್ಕೆ ಎಂಟು ಸಂಜೆ ಬಳಸುವ ಕಟ್ಟಡ ಬಾಕಿ 357 ದಿನ ವಾಚ್‌ಮನ್ ಸಂಬಳ, ಕರೆಂಟ್ ಬಿಲ್ಲು, ಬಡ್ಡಿ ಕೇಳುತ್ತಿರುತ್ತದೆ. ಎಂಟು ಪಂದ್ಯದಿಂದ ನಿಮಗೆ ಉಳಿಯುವುದು ಒಂದು ಲಕ್ಷ 60 ಸಾವಿರದ ಆಸುಪಾಸು. ಅದರಲ್ಲಿ ಗೋಡೆ ಏಳುತ್ತದೆ, ಛಾವಣಿ ಏಳುವುದಿಲ್ಲ. ಈಗ ಬಾಡಿಗೆಗೆ ತಗೊಳ್ಳುವ ಮೈದಾನದವರ ಹತ್ತಿರವೇ ಮೂರು ವರ್ಷಕ್ಕೆ ಎಂಟೆಂಟು ಶನಿವಾರ ಬರೆಸಿಕೊಳ್ಳಿ. ಮಳೆ ಬಂದರೆ ಮರುದಿನ ಅದೇ ಬಾಡಿಗೆಗೆ ಬಿಡಬೇಕು ಅನ್ನುವ ಸಾಲು ಆ ಕಾಗದದಲ್ಲಿ ಇರಲೇಬೇಕು.