x³ + y³ = 9xy ವಕ್ರರೇಖೆಗೆ (2, 4)ರಲ್ಲಿ ಸ್ಪರ್ಶಕ

"ಫೋಟೋದಲ್ಲಿರೋ ಸಮೀಕರಣಕ್ಕೆ (2, 4)ರಲ್ಲಿ ಸ್ಪರ್ಶಕ ಬೇಕು. ನನಗೆ ಇಳಿಜಾರು 1/2 ಬರ್ತಿದೆ, ಪುಸ್ತಕದಲ್ಲಿ 4/5 ಇದೆ. ಎಲ್ಲಿ ತಪ್ಪಿದೆ?"

ಫೋಟೋ ಸ್ವಲ್ಪ ಮಸುಕಾಗಿದೆ, xy ಮುಂದಿನ ಅಂಕಿ 6 ಅಥವಾ 9 ಎರಡೂ ಆಗಬಹುದು. ಬಿಂದುವನ್ನೇ ಹಾಕಿ ನೋಡಿದರೆ ಗೊತ್ತಾಗುತ್ತದೆ. ಎಡಗಡೆ 8 + 64 = 72. ಬಲಗಡೆ xy = 8, ಹಾಗಾಗಿ 9 ಇದ್ದರೆ ಮಾತ್ರ 72 ಬರುತ್ತದೆ. ಅಂದರೆ ಸಮೀಕರಣ x³ + y³ = 9xy.

ಪುಸ್ತಕದ ಉತ್ತರ ಸರಿ. ನೀವು 9xy ಅನ್ನು ಡಿಫರೆನ್ಷಿಯೇಟ್ ಮಾಡುವಾಗ ಬರೀ 9y ಬರೆದಿರಬೇಕು. ಹಾಗೆ ಮಾಡಿದರೆ 12 + 48y′ = 36, ಸರಿಯಾಗಿ 1/2 ಬರುತ್ತದೆ. ಇಲ್ಲಿ y ಸ್ಥಿರಾಂಕ ಅಲ್ಲ, x ಬದಲಾದಂತೆ ಅದೂ ಬದಲಾಗುತ್ತದೆ. y³ಗೆ 3y²y′ ಬರೆಯುವಾಗ ಇದು ನೆನಪಿರುತ್ತದೆ, xy ಬಂದಾಗ ಮರೆತುಹೋಗುತ್ತದೆ, ಅಲ್ವಾ? ಅದು ಎರಡರ ಗುಣಲಬ್ಧ, ಆದ್ದರಿಂದ ಎರಡು ಪದ ಬರಬೇಕು:

```
3x² + 3y²y′ = 9y + 9xy′
```

ಈಗಲೇ x = 2, y = 4 ಹಾಕಿಬಿಡಿ. ಮೊದಲು y′ಗೆ ಸೂತ್ರ ಬಿಡಿಸುತ್ತಾ ಕೂತರೆ ಸುಮ್ನೆ ಚಿಹ್ನೆ ತಪ್ಪುತ್ತದೆ.

```
12 + 48y′ = 36 + 18y′
30y′ = 24
y′ = 4/5
```

ಸ್ಪರ್ಶಕ y − 4 = (4/5)(x − 2). ಭಿನ್ನರಾಶಿ ತೆಗೆದರೆ 4x − 5y + 12 = 0. ಬಿಂದು ಹಾಕಿ ನೋಡಿ: 8 − 20 + 12 = 0, ಸರಿಹೋಯಿತು.

ಇದೇ ರೇಖೆಗೆ (0, 0)ರಲ್ಲಿ ಕೇಳಿದರೆ ಮಾತ್ರ ಈ ದಾರಿ ನಡೆಯುವುದಿಲ್ಲ. ಅಲ್ಲಿ ಎರಡೂ ಕಡೆ ಸೊನ್ನೆಯಾಗಿ y′ ಮಾಯವಾಗುತ್ತದೆ. ರೇಖೆ ಅಲ್ಲಿ ತನ್ನನ್ನೇ ದಾಟುತ್ತದೆ, x ಅಕ್ಷ, y ಅಕ್ಷ ಎರಡೂ ಸ್ಪರ್ಶಕಗಳೇ.