ಪೊರೆ ಆಪರೇಷನ್ ಆದವರು ಮನೆಗೆ ಹೋಗುವ ಮುಂಚೆ ಒಂದು ಹನಿ ನಿಮ್ಮೆದುರೇ ಹಾಕಿಕೊಳ್ಳಲಿ

"ಕಣ್ಣಿನ ವಾರ್ಡಿಗೆ ಹೊಸದಾಗಿ ಬಂದಿರುವ ಸ್ಟಾಫ್ ನರ್ಸ್ ನಾನು. ಪೊರೆ ಆಪರೇಷನ್ ಆದವರಿಗೆ ಡಿಸ್ಚಾರ್ಜ್ ಹೊತ್ತಲ್ಲಿ ಡ್ರಾಪ್ಸ್, ಶೀಲ್ಡ್, ಎಚ್ಚರಿಕೆ ಎಲ್ಲ ಹೇಳಿ ಚೀಟಿ ಕೊಡ್ತೀನಿ. ಎಲ್ಲರೂ ತಲೆ ಆಡಿಸ್ತಾರೆ. ಅರ್ಥ ಆಗಿದೆಯೋ ಇಲ್ಲವೋ ಹೇಗೆ ತಿಳಿಯೋದು? ನೀವು ಹೇಗೆ ಹೇಳಿಕೊಡ್ತೀರಿ?"

ತಲೆ ಆಡಿಸಿದ್ದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ, ಅವರ ಕೈ ನೋಡಿ. ನಾನೂ ನಿಮ್ಮ ಹಾಗೆಯೇ ಚೀಟಿ ಓದಿ ಹೇಳಿ ಕಳಿಸುತ್ತಿದ್ದೆ. ಅದನ್ನು ಬಿಡಿಸಿದವರು ಒಬ್ಬ ಅಜ್ಜ.

ಎಪ್ಪತ್ತು ದಾಟಿದವರು, ಬಲಗಣ್ಣಿನ ಆಪರೇಷನ್ ಏನೂ ತೊಂದರೆ ಇಲ್ಲದೆ ಆಗಿತ್ತು. ಹನ್ನೆರಡನೇ ದಿನ ಕಣ್ಣು ಕೆಂಪಾಗಿ, ಬೆಳಕಿಗೆ ಮುಖ ಎತ್ತಲಾಗದೆ, ಒಳಗೆ ಮಂದ ನೋವು ಅಂತ ಬಂದರು. ಡಾಕ್ಟರು ಸ್ಲಿಟ್ ಲ್ಯಾಂಪಿನಲ್ಲಿ ನೋಡಿ, ಇದು ಸೋಂಕಲ್ಲ, ಒಳಗಿನ ಉರಿಯೂತ ಮರುಕಳಿಸಿದೆ ಎಂದರು. ಸ್ಟಿರಾಯ್ಡ್ ಹನಿ ಹಾಕುತ್ತಿದ್ದೀರಾ ಎಂದರೆ, "ಹಾಕ್ತಿದ್ದೆ ಸಿಸ್ಟರ್, ಬಾಟಲಿ ಒಂಬತ್ತನೇ ದಿನಕ್ಕೇ ಖಾಲಿ ಆಯ್ತು" ಅಂದರು.

ಆ ಮಾತು ಕೇಳಿ ಅಲ್ಲೇ ಕೂತು ಲೆಕ್ಕ ಹಾಕಿದೆ. ಅವರಿಗೆ ಬರೆದುಕೊಟ್ಟಿದ್ದು ಮೊದಲ ವಾರ ದಿನಕ್ಕೆ ನಾಲ್ಕು ಸಲ, ಎರಡನೇ ವಾರ ಮೂರು, ಆಮೇಲೆ ಎರಡು, ಕೊನೆಯ ವಾರ ಒಂದು. ಒಟ್ಟು 28, 21, 14, 7 ಸೇರಿ 70 ಹನಿ. 5 ಮಿಲಿಲೀಟರಿನ ಬಾಟಲಿಯಲ್ಲಿ ಹೆಚ್ಚುಕಡಿಮೆ 100 ಹನಿ ಇರುತ್ತದೆ. ನಾಲ್ಕು ವಾರ ಮುಗಿದ ಮೇಲೂ ತಳದಲ್ಲಿ ಉಳಿಯಬೇಕಿತ್ತು. ಒಂಬತ್ತು ದಿನಕ್ಕೆ ಅವರು ಹಾಕಿಕೊಳ್ಳಬೇಕಾಗಿದ್ದು 34 ಸಲ. ಅಷ್ಟರಲ್ಲಿ 100 ಹನಿ ಮುಗಿದಿದೆ ಎಂದರೆ ಪ್ರತಿ ಸಲ ಮೂರು ಹನಿ ಹೋಗಿದೆ. ಹೊಸ ಬಾಟಲಿ ಕೈಗೆ ಕೊಟ್ಟು, ಮನೆಯಲ್ಲಿ ಹಾಕಿಕೊಳ್ಳುವ ಹಾಗೆಯೇ ಹಾಕಿಕೊಳ್ಳಿ ಅಜ್ಜ ಎಂದೆ. ಕುರ್ಚಿಯಲ್ಲಿ ಕೂತು ಕುತ್ತಿಗೆಯನ್ನು ಸ್ವಲ್ಪವೇ ಹಿಂದಕ್ಕೆ ಬಾಗಿಸಿದರು. ಕೈ ನಡುಗುತ್ತಿತ್ತು. ಹನಿ ಬೀಳುವ ಮೊದಲೇ ರೆಪ್ಪೆ ಮುಚ್ಚಿಕೊಂಡಿತು. ಮೊದಲನೆಯದು ರೆಪ್ಪೆಗೂದಲ ಮೇಲೆ, ಎರಡನೆಯದು ಕೆನ್ನೆಗೆ. ಮೂರನೆಯದಕ್ಕೆ ಕಣ್ಣೊಳಗೆ ತಣ್ಣಗಾಯಿತು, ಆಗ ಬಾಟಲಿ ಕೆಳಗಿಟ್ಟರು. ಅವರ ಪ್ರಕಾರ ಅದು ಒಂದು ಹನಿ. ಔಷಧಿ ತಪ್ಪದೆ ಹಾಕಿಕೊಂಡ ಮನುಷ್ಯ, ತಪ್ಪು ನನ್ನದು. ಡಿಸ್ಚಾರ್ಜ್ ದಿನ ಎರಡು ನಿಮಿಷ ಅವರ ಕೈಯನ್ನು ನೋಡಿದ್ದರೆ ಅಂದೇ ಗೊತ್ತಾಗುತ್ತಿತ್ತು.

ಅಂದಿನಿಂದ ನಾನು ಮಾಡುವುದು ಇಷ್ಟು. ಮನೆಗೆ ಹೋಗುವ ಮುಂಚೆ ಒಂದು ಡೋಸ್ ಹೇಗೂ ಬಿದ್ದೇ ಬೀಳುತ್ತದೆ. ಅದನ್ನು ನಾನು ಹಾಕುವುದಿಲ್ಲ. ಮನೆಯಲ್ಲಿ ಯಾರು ಹಾಕುತ್ತಾರೋ ಅವರ ಕೈಯಿಂದಲೇ ಹಾಕಿಸುತ್ತೇನೆ. ಪಕ್ಕದಲ್ಲಿ ನಿಂತು ನೋಡುತ್ತೇನೆ, ಕಣ್ಣಿಗೆ ಏನಾದರೂ ತಗಲುವಂತಿದ್ದರೆ ಮಾತ್ರ ಕೈ ಹಿಡಿಯುತ್ತೇನೆ.

ಶುರು ಮಾಡುವ ಮುಂಚೆ ಒಂದು ಕಾರಣ ಹೇಳಿಬಿಡಿ, ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಫೇಕೋ ವಿಧಾನದಲ್ಲಿ ಪೊರೆ ತೆಗೆದ ಕಣ್ಣಿನಲ್ಲಿ ಸುಮಾರು 2 ರಿಂದ 3 ಮಿಲಿಮೀಟರಿನ ಗಾಯ ಇರುತ್ತದೆ, ಸಾಮಾನ್ಯವಾಗಿ ಹೊಲಿಗೆ ಇರುವುದಿಲ್ಲ. ಒಳಗಿನ ಒತ್ತಡವೇ ಅದರ ಅಂಚುಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುತ್ತದೆ. ಹೊರಗಿನಿಂದ ಕಣ್ಣುಗುಡ್ಡೆಯನ್ನು ಒತ್ತಿದರೆ ಆ ಅಂಚು ಬಾಯಿ ಬಿಡುತ್ತದೆ, ಒತ್ತಡ ಬಿಟ್ಟಾಗ ರೆಪ್ಪೆಯ ಮೇಲಿನ ನೀರು, ಅದರ ಜೊತೆ ರೋಗಾಣು, ಒಳಗೆ ಎಳೆದುಕೊಳ್ಳಬಹುದು. "ಕಣ್ಣು ಉಜ್ಜಬೇಡಿ" ಎಂದಷ್ಟೇ ಹೇಳಿದರೆ ಅದು ಹತ್ತು ನಿಷೇಧಗಳಲ್ಲಿ ಒಂದಾಗಿ ಮರೆತುಹೋಗುತ್ತದೆ. ಗಾಯಕ್ಕೆ ಹೊಲಿಗೆ ಹಾಕಿಲ್ಲ ಎಂದು ತಿಳಿದವರು ಕೈ ಮೇಲೆತ್ತುವ ಮುಂಚೆ ಯೋಚಿಸುತ್ತಾರೆ.

ಈಗ ಹನಿ ಹಾಕುವ ಕ್ರಮ. ಸೋಪಿನಿಂದ ಕೈ ತೊಳೆದು ಒರೆಸಿಕೊಳ್ಳಬೇಕು. ಗೀಜು ಇದ್ದರೆ ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿದ ಶುದ್ಧವಾದ ಹತ್ತಿಯಿಂದ, ಮುಚ್ಚಿದ ರೆಪ್ಪೆಯ ಅಂಚನ್ನು ಮೂಗಿನ ಕಡೆಯಿಂದ ಹೊರಕ್ಕೆ ಒಂದೇ ಸಲ, ಒತ್ತದೆ ಒರೆಸಿ ಆ ಹತ್ತಿಯನ್ನು ಬಿಸಾಡಬೇಕು. ಇನ್ನೊಂದು ಸಲಕ್ಕೆ ಹೊಸ ಹತ್ತಿ. ಸ್ಟಿರಾಯ್ಡ್ ಹನಿಗಳಲ್ಲಿ ಪ್ರೆಡ್ನಿಸೊಲೋನ್ ಅಸಿಟೇಟಿನಂಥವು ನಿಂತರೆ ತಳಕ್ಕೆ ಕೂರುತ್ತವೆ, ಅಂಥ ಬಾಟಲಿಯನ್ನು ಚೆನ್ನಾಗಿ ಅಲ್ಲಾಡಿಸಬೇಕು. ಅಲ್ಲಾಡಿಸದಿದ್ದರೆ ಕಣ್ಣಿಗೆ ಬೀಳುವುದು ಬರೀ ಮೇಲಿನ ತಿಳಿ.

ಕೂರುವುದಕ್ಕಿಂತ ಮಲಗುವುದು ಒಳ್ಳೆಯದು. ತೋರುಬೆರಳನ್ನು ಕೆನ್ನೆಮೂಳೆಯ ಮೇಲಿಟ್ಟು ಚರ್ಮವನ್ನು ಕೆಳಕ್ಕೆ ಎಳೆದರೆ ಕೆಳರೆಪ್ಪೆ ಪುಟ್ಟ ಚೀಲದ ಹಾಗೆ ತೆರೆದುಕೊಳ್ಳುತ್ತದೆ. ಬೆರಳ ಭಾರ ಮೂಳೆಯ ಮೇಲಿರಬೇಕು, ಕಣ್ಣಿನ ಮೇಲಲ್ಲ. ಮೇಲಿನ ರೆಪ್ಪೆಯನ್ನು ಮುಟ್ಟುವುದೇ ಬೇಡ. ದೃಷ್ಟಿ ಮೇಲಕ್ಕೆ, ಬಾಟಲಿ ಒಂದೆರಡು ಸೆಂಟಿಮೀಟರ್ ಎತ್ತರದಲ್ಲಿ, ಚೀಲದೊಳಗೆ ಒಂದು ಹನಿ. ಮೂತಿ ರೆಪ್ಪೆಗೋ ಕೂದಲಿಗೋ ತಾಗಿದರೆ ಅಲ್ಲಿರುವುದೆಲ್ಲ ಬಾಟಲಿಯೊಳಗೆ ಹೋದಂತೆ. ಆಮೇಲೆ ಕಣ್ಣನ್ನು ಮೆಲ್ಲಗೆ ಮುಚ್ಚಿ ಒಂದೆರಡು ನಿಮಿಷ ಹಾಗೇ ಇರಬೇಕು, ಹಿಂಡಿ ಮುಚ್ಚಬಾರದು.

"ಒಂದೇ ಹನಿ ಸಾಕಾ?" ಅಂತ ಎಲ್ಲರೂ ಕೇಳುತ್ತಾರೆ. ಸಾಕು. ಕೆಳರೆಪ್ಪೆಯ ಆ ಚೀಲಕ್ಕೆ ಒಂದು ಪೂರ್ತಿ ಹನಿ ಹಿಡಿಯುವಷ್ಟೂ ಜಾಗವಿಲ್ಲ, ಎರಡನೆಯದು ಕೆನ್ನೆಗೇ ಹರಿಯುತ್ತದೆ. ಬೇರೆ ಬೇರೆ ಬಾಟಲಿಗಳ ನಡುವೆ ಐದು ನಿಮಿಷ ಬಿಡಿ ಎನ್ನುವುದೂ ಇದಕ್ಕೇ, ತಕ್ಷಣ ಹಾಕಿದ ಎರಡನೇ ಔಷಧಿ ಮೊದಲನೆಯದನ್ನು ತೊಳೆದುಬಿಡುತ್ತದೆ. ಮುಲಾಮು ಕೊಟ್ಟಿದ್ದರೆ ಅದು ಎಲ್ಲಕ್ಕಿಂತ ಕೊನೆಗೆ.

ಕೈ ನಡುಗುವವರಿಗೆ, ರೆಪ್ಪೆ ತಡೆಯಲಾಗದವರಿಗೆ ಇನ್ನೊಂದು ದಾರಿ ಇದೆ. ಅಂಗಾತ ಮಲಗಿ, ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯಲ್ಲಿ ಒಂದು ಹನಿ ಬಿಟ್ಟು, ತಲೆ ಅಲ್ಲಾಡಿಸದೆ ಕಣ್ಣು ತೆರೆದರೆ ಔಷಧಿ ತಾನಾಗಿ ಒಳಗಿಳಿಯುತ್ತದೆ. ಮೂಲೆಯನ್ನು ಮುಂಚೆ ಶುದ್ಧ ಮಾಡಿರಬೇಕು. ಆ ಅಜ್ಜನ ಕೈ ಹಿಡಿದದ್ದು ಇದೇ ವಿಧಾನ.

ಬಾಟಲಿಗಳು ಅದಲು ಬದಲಾಗುವುದು ಇನ್ನೊಂದು ತಾಪತ್ರಯ. ಆಂಟಿಬಯಾಟಿಕ್ ಸಾಮಾನ್ಯವಾಗಿ ಒಂದೆರಡು ವಾರಕ್ಕೆ ನಿಲ್ಲುತ್ತದೆ, ಸ್ಟಿರಾಯ್ಡ್ ವಾರವಾರ ಇಳಿಯುತ್ತ ಹೋಗುತ್ತದೆ. ಯಾವುದನ್ನು ಎಷ್ಟು ದಿನ ಎಂದು ನಿಮ್ಮ ಡಾಕ್ಟರು ಬರೆದದ್ದೇ ಪ್ರಮಾಣ. ಇವೆರಡು ತಿರುವು ಮುರುವಾದರೆ ಉರಿಯೂತ ಮರಳುತ್ತದೆ. ಸ್ಟಿರಾಯ್ಡನ್ನು ಹೇಳಿದ್ದಕ್ಕಿಂತ ಹೆಚ್ಚು ದಿನ ಎಳೆದರೆ ಕೆಲವರಿಗೆ ಕಣ್ಣಿನ ಒತ್ತಡ ಏರುತ್ತದೆ, ಅದೂ ಸದ್ದಿಲ್ಲದೆ. ನಾನು ಸ್ಟಿರಾಯ್ಡ್ ಬಾಟಲಿಗೆ ಒಂದು ರಬ್ಬರ್ ಬ್ಯಾಂಡ್ ಸುತ್ತಿಬಿಡುತ್ತೇನೆ. ಅಕ್ಷರ ಕಾಣದವರಿಗೂ ಬೆರಳಿಗೆ ಗೊತ್ತಾಗುತ್ತದೆ.

ಶೀಲ್ಡಿನ ವಿಷಯಕ್ಕೆ ಬಂದರೆ, ಪ್ಯಾಚ್ ಬೇರೆ ಶೀಲ್ಡ್ ಬೇರೆ ಅಂತ ಮೊದಲು ಸ್ಪಷ್ಟ ಮಾಡಿ. ಇಂಜೆಕ್ಷನ್ ಕೊಟ್ಟು ಮರಗಟ್ಟಿಸಿದ್ದರೆ ರೆಪ್ಪೆ ಕೆಲವು ಗಂಟೆ ಸರಿಯಾಗಿ ಮುಚ್ಚುವುದಿಲ್ಲ, ಕಣ್ಣು ಒಣಗಬಾರದೆಂದು ಪ್ಯಾಚ್ ಹಾಕಿರುತ್ತಾರೆ, ಅದನ್ನು ಹೇಳಿದ ಹೊತ್ತಿಗೇ ತೆಗೆಯಬೇಕು. ಅಲ್ಲಿಯವರೆಗೆ ಅವರಿಗೆ ದೂರ, ಎತ್ತರ ಅಂದಾಜಾಗುವುದಿಲ್ಲ. ಬಾತ್‌ರೂಮಿಗೆ ಒಬ್ಬರನ್ನೇ ಬಿಡಬೇಡಿ, ಮೆಟ್ಟಿಲು ಇಳಿಯುವಾಗ ಕೈ ಹಿಡಿಯಿರಿ. ಶೀಲ್ಡ್ ಎಂದರೆ ತೂತುಗಳಿರುವ ಗಟ್ಟಿ ಪ್ಲಾಸ್ಟಿಕ್. ಅದರ ಅಂಚು ಹುಬ್ಬಿನ ಮೂಳೆ ಮತ್ತು ಕೆನ್ನೆಮೂಳೆಯ ಮೇಲೆ ಕೂರಬೇಕು, ಒಳಗೆ ಕಣ್ಣಿಗೆ ಏನೂ ತಾಗಬಾರದು. ಎಷ್ಟೋ ಜನ ಮೆತ್ತಗಿರಲಿ ಎಂದು ಅದರೊಳಗೆ ಹತ್ತಿ ಇಡುತ್ತಾರೆ, ಆಗ ರಾತ್ರಿಯಿಡೀ ಆ ಹತ್ತಿ ಕಣ್ಣನ್ನು ಒತ್ತುತ್ತಿರುತ್ತದೆ. ಟೇಪನ್ನು ಹಣೆಯ ಮಧ್ಯದಿಂದ ಕೆನ್ನೆಯ ಕಡೆಗೆ ಓರೆಯಾಗಿ ಹಚ್ಚಬೇಕು, ನೇರ ಕೆಳಕ್ಕೆ ಎಳೆದರೆ ಬಾಯಿ ಆಡಿಸಿದಾಗ ಬಿಟ್ಟುಕೊಳ್ಳುತ್ತದೆ. ಸಾಮಾನ್ಯವಾಗಿ ಒಂದು ವಾರ, ಮಧ್ಯಾಹ್ನದ ನಿದ್ದೆಗೂ ಸೇರಿ, ಮಲಗುವಾಗ ಹಾಕಬೇಕು. ನಿದ್ದೆಯಲ್ಲಿ ಕೈ ಎಲ್ಲಿಗೆ ಹೋಗುತ್ತದೆ ಎಂದು ಯಾರಿಗೂ ತಿಳಿಯುವುದಿಲ್ಲವಲ್ಲ. ದಿನಕ್ಕೊಮ್ಮೆ ಸೋಪುನೀರಿನಲ್ಲಿ ತೊಳೆದು ಒಣಗಿಸಲಿ.

ಸ್ನಾನ ಕತ್ತಿನ ಕೆಳಗೆ ಮಾಡಲಿ, ಡಾಕ್ಟರು ಹೇಳುವವರೆಗೆ ಭಾರ ಎತ್ತುವುದು, ಈಜು ಬೇಡ. ಇದನ್ನು ಚೀಟಿಯೇ ಹೇಳುತ್ತದೆ, ನಿಮ್ಮ ಸಮಯವನ್ನು ಇಲ್ಲಿ ಕಳೆಯಬೇಡಿ. ಉಳಿಸಿಕೊಂಡ ಸಮಯ ಅಪಾಯದ ಗುರುತು ಹೇಳಲು ಬೇಕು.

ಮೊದಲ ಕೆಲವು ದಿನ ಮರಳು ಬಿದ್ದ ಹಾಗೆ ಚುಚ್ಚುವುದು, ನೀರು ಸೋರುವುದು, ಸ್ವಲ್ಪ ಕೆಂಪು, ಬೆಳಕು ಕಣ್ಣು ಕುಕ್ಕುವುದು ಇರುತ್ತದೆ, ದಿನದಿನಕ್ಕೆ ಇಳಿಯಬೇಕು. ಹೆದರಬೇಕಾದ್ದು ಏರುವುದಕ್ಕೆ. ಕಣ್ಣೊಳಗಿನ ಸೋಂಕು, ಎಂಡಾಫ್ತಾಲ್ಮೈಟಿಸ್, ವಿರಳ, ಆದರೆ ಬಂದರೆ ಹೆಚ್ಚಾಗಿ ಮೊದಲ ವಾರದ ಆಸುಪಾಸಿನಲ್ಲಿ ಬರುತ್ತದೆ. ಗಂಟೆಗಳ ಲೆಕ್ಕದಲ್ಲಿ ದೃಷ್ಟಿ ಹೋಗಬಹುದು. ನಾವೆಲ್ಲ "ನೋವು ಬಂದರೆ ಬನ್ನಿ" ಎನ್ನುತ್ತೇವೆ, ಅದು ಸಾಲದು. 1995ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ ಈ ಸೋಂಕಾದವರಲ್ಲಿ ಸುಮಾರು ಕಾಲು ಭಾಗ ಜನರಿಗೆ ನೋವೇ ಇರಲಿಲ್ಲ. ಬಹುತೇಕ ಎಲ್ಲರಿಗೂ ಇದ್ದದ್ದು ಮಸುಕು.

ಹಾಗಾಗಿ ನಾನು ಒಂದು ಅಭ್ಯಾಸ ಹೇಳಿಕೊಡುತ್ತೇನೆ. ದಿನಾ ಬೆಳಗ್ಗೆ, ಒಂದೇ ಜಾಗದಲ್ಲಿ ಕೂತು, ಇನ್ನೊಂದು ಕಣ್ಣನ್ನು ಅಂಗೈಯಿಂದ ಮುಚ್ಚಿ ಎದುರಿನ ಕ್ಯಾಲೆಂಡರಿನ ಅಂಕಿ ನೋಡಬೇಕು. ನಿನ್ನೆ ಕಂಡಷ್ಟಾದರೂ ಇಂದು ಕಾಣಬೇಕು. ನಿನ್ನೆ ಕಂಡ ಅಂಕಿ ಇಂದು ಕಾಣದಿದ್ದರೆ, ಕೆಂಪು ಅಥವಾ ನೋವು ಏರುತ್ತಿದ್ದರೆ, ಗೀಜು ಹೆಚ್ಚಾದರೆ, ಮಿಂಚು ಹೊಡೆದಂತಾಗಿ ಕಪ್ಪು ಚುಕ್ಕೆಗಳೋ ಪರದೆಯೋ ಕಂಡರೆ, ತಲೆನೋವಿನ ಜೊತೆ ವಾಂತಿಯಾದರೆ, ರಾತ್ರಿಯಾದರೂ ಅಂದೇ ಬರಬೇಕು. ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯುವುದಾಗಲಿ, ಇನ್ನೊಂದು ಹನಿ ಹೆಚ್ಚು ಹಾಕಿ ನೋಡುವುದಾಗಲಿ ಬೇಡ.

ಕೊನೆಗೆ "ಅರ್ಥ ಆಯ್ತಾ?" ಎಂದು ಕೇಳಬೇಡಿ, ಅದಕ್ಕೆ ಉತ್ತರ ಯಾವಾಗಲೂ "ಆಯ್ತು". "ನಾಳೆ ಬೆಳಗ್ಗೆ ಎದ್ದ ಕೂಡಲೇ ಮೊದಲು ಏನು ಮಾಡ್ತೀರಿ?", "ರಬ್ಬರ್ ಬ್ಯಾಂಡ್ ಇರೋದನ್ನ ಮುಂದಿನ ವಾರ ಎಷ್ಟು ಸಲ ಹಾಕ್ತೀರಿ?" ಎಂದು ಕೇಳಿ, ಅವರೇ ಹೇಳಲಿ. ತಡವರಿಸಿದ ಜಾಗವನ್ನು ಮಾತ್ರ ಮತ್ತೆ ತೋರಿಸಿ. ಒಟ್ಟು ಹತ್ತು ನಿಮಿಷ ಸಾಕಾಗುತ್ತದೆ.

ಆ ಅಜ್ಜ ಕೆಲವು ತಿಂಗಳ ನಂತರ ಎಡಗಣ್ಣಿಗೂ ಆಪರೇಷನ್ ಮಾಡಿಸಿಕೊಂಡರು. ನಾಲ್ಕು ವಾರ ಮುಗಿಸಿ ಬಂದಾಗ ಬಾಟಲಿಯ ತಳದಲ್ಲಿ ಔಷಧಿ ಇನ್ನೂ ಉಳಿದಿತ್ತು, ಬೆಳಕಿಗೆ ಹಿಡಿದು ತೋರಿಸಿದರು. ಮುಂದೆ ಬೇಕಾದೀತೆಂದು ಎತ್ತಿಡಲೇ ಎಂದು ಕೇಳಿದರು. ಬೇಡ ಅಜ್ಜ, ತೆರೆದು ನಾಲ್ಕು ವಾರವಾದ ಬಾಟಲಿ ಯಾರ ಕಣ್ಣಿಗೂ ಆಗದು ಎಂದು ಹೇಳಿ ಅಲ್ಲೇ ಬುಟ್ಟಿಗೆ ಹಾಕಿಸಿದೆ.