ಅರ್ಧ ಗಾಮಾ ಎಲ್ಲಿ ಹೋಯಿತು?

«ಸಂಪಾದಕರಿಗೆ ನಮಸ್ಕಾರ. ಪ್ಲೇನ್ ಸ್ಟ್ರೇನ್‌ಗೆ ಮೋರ್ ವೃತ್ತ ಎಳೆಯುವುದು ಹೇಗೆ ಅಂತ ಡಿಪ್ಲೊಮಾ ಮಕ್ಕಳಿಗಾಗಿ ಬರೆದಿದ್ದೇನೆ. ಉಕ್ಕಿನ ತೊಲೆಯ ಮೈಗೆ ಅಂಟಿಸಿದ ಗೇಜ್‌ಗಳಿಂದ εx = 500, εy = −100, γxy = 800 ಮೈಕ್ರೋಸ್ಟ್ರೇನ್ ಸಿಕ್ಕಿದೆ ಎಂದಿಟ್ಟುಕೊಂಡಿದ್ದೇನೆ. ಪ್ರಿನ್ಸಿಪಲ್ ಸ್ಟ್ರೇನ್ 1054 ಮತ್ತು −654, ಗರಿಷ್ಠ ಶಿಯರ್ 854 ಬಂತು. ಮೊತ್ತ ತಾಳೆ ನೋಡಿದ್ದೇನೆ, ಸರಿಯಿದೆ. ಪ್ರಕಟಿಸಬಹುದೇ?»

ನಮಸ್ಕಾರ. ಈಗಿರುವ ರೂಪದಲ್ಲಿ ಪ್ರಕಟಿಸಲಾಗದು. ನಿಮ್ಮ ಭಾಷೆ ತಿಳಿಯಾಗಿದೆ, ಆದರೆ ಮೂರೂ ಉತ್ತರ ತಪ್ಪು. ಮೂರಕ್ಕೂ ಮೂಲ ಒಂದೇ: ಲಂಬ ಅಕ್ಷದಲ್ಲಿ γ/2 ಗುರುತಿಸಬೇಕಾದ ಕಡೆ ನೀವು ಇಡೀ γ ಗುರುತಿಸಿದ್ದೀರಿ.

ಸ್ಟ್ರೆಸ್ ವೃತ್ತ ಎಳೆದು ಕೈ ಪಳಗಿದವರು ಜಾರುವುದು ಇಲ್ಲೇ. ಅಲ್ಲಿ τ ಅನ್ನು ಇದ್ದ ಹಾಗೇ ಗುರುತಿಸುತ್ತೇವೆ. γ ಅಂದರೆ ಚೌಕದ ಲಂಬಕೋನ ಒಟ್ಟು ಎಷ್ಟು ಕುಗ್ಗಿತು ಎಂಬ ಲೆಕ್ಕ. ಚೌಕ ಸುಮ್ಮನೆ ತಿರುಗಿದ ಪಾಲನ್ನು ಕಳೆದರೆ, ಎರಡೂ ಅಂಚುಗಳು ಒಂದರತ್ತ ಒಂದು γ/2 ರಷ್ಟು ಬಾಗಿರುತ್ತವೆ. ಅಕ್ಷ ತಿರುಗಿಸುವ ಸಮೀಕರಣದಲ್ಲೂ ಬರುವುದು ಆ ಅರ್ಧವೇ:

```
ε(θ) = (εx+εy)/2 + (εx−εy)/2·cos2θ + (γxy/2)·sin2θ
```

ಲಂಬ ಅಕ್ಷದಲ್ಲಿ γ ಇಟ್ಟು θ ಬದಲಿಸುತ್ತ ಹೋದರೆ ಬಿಂದು ಸಾಗುವ ದಾರಿ ವೃತ್ತವೇ ಅಲ್ಲ. ಎತ್ತರ ಅಗಲದ ಎರಡರಷ್ಟಿರುವ ದೀರ್ಘವೃತ್ತ. ನೀವು ಅದರ ಮೇಲಿನ ಎರಡು ಬಿಂದು ಹಿಡಿದು ಬಲವಂತವಾಗಿ ಕಂಪಾಸ್ ಆಡಿಸಿದ್ದೀರಿ.

ನಿಮ್ಮ ಅಂಕಿಗಳನ್ನೇ ಇಟ್ಟುಕೊಂಡು ಮತ್ತೆ ಎಳೆಯಿರಿ. 1 ಸೆಂ.ಮೀ.ಗೆ 100 ಮೈಕ್ರೋಸ್ಟ್ರೇನ್ ಸಾಕು. ಧನ γ/2 ಕೆಳಮುಖವಾಗಿರಲಿ. ಆಗ ಚಿತ್ರ ತಿರುಗುವ ದಿಕ್ಕಿಗೇ ವಸ್ತುವಿನ ಅಕ್ಷವೂ ತಿರುಗುತ್ತದೆ, ಚಿಹ್ನೆಯ ಗೊಂದಲ ಇರದು. X ಬಿಂದು 500 ರಲ್ಲಿ, ಅಕ್ಷದಿಂದ 400 ಕೆಳಗೆ. Y ಬಿಂದು −100 ರಲ್ಲಿ, 400 ಮೇಲೆ. ಎರಡನ್ನೂ ಸೇರಿಸಿದ ಗೆರೆ ಅಡ್ಡ ಅಕ್ಷವನ್ನು 200 ರಲ್ಲಿ ಕತ್ತರಿಸುತ್ತದೆ; ಕೇಂದ್ರ C ಅದೇ. ಅಲ್ಲಿಂದ X ಗೆ ಅಡ್ಡ ದೂರ 300, ಲಂಬ ದೂರ 400, ಹಾಗಾಗಿ ತ್ರಿಜ್ಯ 500. ವೃತ್ತ ಅಡ್ಡ ಅಕ್ಷವನ್ನು ಮುಟ್ಟುವುದು 700 ಮತ್ತು −300 ರಲ್ಲಿ. ಇವೇ ಪ್ರಿನ್ಸಿಪಲ್ ಸ್ಟ್ರೇನ್‌ಗಳು. CX ಗೆರೆಯನ್ನು ಅಕ್ಷಕ್ಕೆ ತರಲು ಅಪ್ರದಕ್ಷಿಣವಾಗಿ 53.13° ತಿರುಗಿಸಬೇಕು, ತೊಲೆಯ ಮೇಲೆ ಅದರರ್ಧ, x ಅಕ್ಷದಿಂದ 26.57°.

ಈಗ ಶಿಯರ್. ವೃತ್ತದ ತುತ್ತತುದಿಯ ಎತ್ತರ 500, ಆದರೆ ಅದು γ/2. ಆದ್ದರಿಂದ ಈ ಸಮತಲದ ಗರಿಷ್ಠ ಶಿಯರ್ ಸ್ಟ್ರೇನ್ 1000, ಅಂದರೆ ವ್ಯಾಸದಷ್ಟು. ನಿಮ್ಮ ದಾರಿಯಲ್ಲಿ ಪ್ರಿನ್ಸಿಪಲ್ ಸ್ಟ್ರೇನ್ ಉಬ್ಬಿತು, ಶಿಯರ್ ಸೊರಗಿತು. ಜೊತೆಗೆ, ಆ ದಿಕ್ಕಿನಲ್ಲಿ ನಾರ್ಮಲ್ ಸ್ಟ್ರೇನ್ ಸೊನ್ನೆ ಎಂದು ಬರೆದಿರುವ ಸಾಲನ್ನು ಹೊಡೆದುಹಾಕಿ. ಅಲ್ಲಿರುವುದು ಕೇಂದ್ರದ 200.

ನಿಮ್ಮ ತಾಳೆ ಯಾಕೆ ಕೈಕೊಟ್ಟಿತು? ಮೊತ್ತ ಕೇಂದ್ರವನ್ನಷ್ಟೇ ಪರೀಕ್ಷಿಸುತ್ತದೆ. ತ್ರಿಜ್ಯ ಎಷ್ಟೇ ತಪ್ಪಿದರೂ 1054 − 654 = 400 ಬಂದೇ ಬರುತ್ತದೆ. ಅದರ ಬದಲು ಸಿಕ್ಕಿದ ಕೋನವನ್ನು ಮೇಲಿನ ಸಮೀಕರಣಕ್ಕೆ ಹಾಕಿ. 26.57° ಕ್ಕೆ 200 + 180 + 320, ಸರಿಯಾಗಿ 700. ನಿಮ್ಮ ವೃತ್ತ ಕೊಡುವ 34.7° ಹಾಕಿದರೆ ಬರುವುದು ಸುಮಾರು 680. 1054 ರ ಹತ್ತಿರಕ್ಕೂ ಸುಳಿಯುವುದಿಲ್ಲ. ಓದುಗರಿಗೆ ಈ ಪರೀಕ್ಷೆಯನ್ನೇ ಕಲಿಸಿ.

ಇನ್ನೊಂದು ತಕರಾರು ತಲೆಬರಹದ್ದು. ತೊಲೆಯ ಮೈ ಮೇಲೆ ಗೇಜ್ ಅಂಟಿಸಿದರೆ ಅದು ಪ್ಲೇನ್ ಸ್ಟ್ರೇನ್ ಸ್ಥಿತಿಯಲ್ಲ. ಬಯಲು ಮೈಯಲ್ಲಿ ಸೊನ್ನೆಯಾಗುವುದು ಲಂಬ ದಿಕ್ಕಿನ ಸ್ಟ್ರೆಸ್; ಸ್ಟ್ರೇನ್ ಅಲ್ಲ. εz = 0 ಎನ್ನಲು ಉದ್ದನೆಯ ಅಣೆಕಟ್ಟಿನ ಅಥವಾ ಸುರಂಗದ ನಡುಭಾಗದಂಥ ಕಡೆ ಬೇಕು. ಸಮತಲದೊಳಗಿನ ವೃತ್ತ ಎರಡು ಕಡೆಯೂ ಒಂದೇ, ಏಕೆಂದರೆ ಅದು ಬರೀ ಜ್ಯಾಮಿತಿ. ವ್ಯತ್ಯಾಸ ಕಾಣುವುದು ಮೂರು ಆಯಾಮದ ಗರಿಷ್ಠ ಶಿಯರ್ ಹುಡುಕುವಾಗ. ನಿಮ್ಮ ಉದಾಹರಣೆಯಲ್ಲಿ ಒಂದು ಪ್ರಿನ್ಸಿಪಲ್ ಸ್ಟ್ರೇನ್ ಧನ, ಇನ್ನೊಂದು ಋಣ. ಪ್ಲೇನ್ ಸ್ಟ್ರೇನ್ ಆದರೆ εz ಸೊನ್ನೆ. ಉಕ್ಕಿನ ಮೈಯಲ್ಲಾದರೆ ಪಾಯ್ಸನ್ ಅನುಪಾತ 0.3 ಹಿಡಿದು −(0.3/0.7) × 400, ಸುಮಾರು −171. ಎರಡೂ −300 ಮತ್ತು 700 ರ ನಡುವೆಯೇ ಬೀಳುವುದರಿಂದ 1000 ಉಳಿಯಿತು. ಅದು ಅದೃಷ್ಟ. ಪ್ರಿನ್ಸಿಪಲ್ ಸ್ಟ್ರೇನ್‌ಗಳು 700 ಮತ್ತು 300 ಆಗಿದ್ದಿದ್ದರೆ ಸಮತಲದೊಳಗಿನ ಉತ್ತರ 400, ಪ್ಲೇನ್ ಸ್ಟ್ರೇನ್‌ನಲ್ಲಿ ನಿಜವಾದ ಗರಿಷ್ಠ 700, ಉಕ್ಕಿನ ಬಯಲು ಮೈಯಲ್ಲಿ εz −429 ಆಗಿ ಸುಮಾರು 1129.

ಈ ಎರಡನೇ ಉದಾಹರಣೆಯನ್ನೂ ಸೇರಿಸಿ, ಮೋರ್ ಜೀವನಚರಿತ್ರೆಯ ಪುಟವನ್ನು ಕೈಬಿಟ್ಟು, ಚಿತ್ರವನ್ನು ಹೊಸದಾಗಿ ಎಳೆದು ಕಳಿಸಿ. ಲಂಬ ಅಕ್ಷದ ಹೆಸರು γ/2 ಎಂದು ದಪ್ಪಕ್ಷರದಲ್ಲಿರಲಿ.